'ಇದ ನೋಡು' ಅಂದ್ರೆ ಏನನ್ನ ನೋಡಬೇಕು? ಸುರಪುರದ ಒಂದು ಫೋಟೊ, ಎರಡು ಪದ ಮತ್ತು ಎಐ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಮಾತು ನೀವು ದಿನಾ ಮಾಡೋ ಒಂದು ಕೆಲಸದ ಬಗ್ಗೆ. ರಸ್ತೆಯಲ್ಲಿ ಏನೋ ಕಾಣುತ್ತೆ. ಫೋನ್ ತೆಗೀತೀರಿ, ಒಂದು ಫೋಟೊ ಹೊಡೀತೀರಿ, ಅದರ ಕೆಳಗೆ ಎರಡೇ ಪದ ಹಾಕಿ ಕಳಿಸ್ತೀರಿ: 'ಇದ ನೋಡು.' ಗೆಳೆಯನಿಗೆ ಕಳಿಸಿದ್ರೆ ಅಷ್ಟು ಸಾಕು. ಅವನು ಅದೇ ಊರಿನವನು, ನಿಮ್ಮ ಸ್ವಭಾವ ಗೊತ್ತಿರೋನು, ನೀವು ಯಾಕೆ ಕಳಿಸಿದ್ರಿ ಅಂತ ಅವನಿಗೆ ಹೊಳೆಯುತ್ತೆ. ಅದೇ ಫೋಟೊ, ಅದೇ ಎರಡು ಪದ, ಚಿತ್ರ ನೋಡಬಲ್ಲ ಒಂದು ಎಐ ಮಾಡೆಲ್‌ಗೆ ಹೋದ್ರೆ? ಅದು ಏನಂತ ಉತ್ತರ ಕೊಡಬೇಕು? ಹೇಗೆ ಕೊಟ್ರೆ ಸರಿ, ಹೇಗೆ ಕೊಟ್ರೆ ತಪ್ಪು? ಈ ಸಂಚಿಕೆಯಲ್ಲಿ ನಾನು ಬರೀ ಇದೊಂದನ್ನೇ ಬಿಡಿಸಿ ಹೇಳ್ತೀನಿ.

ಉದಾಹರಣೆಗೆ ಒಂದು ಫೋಟೊ ಕಲ್ಪಿಸಿಕೊಳ್ಳಿ. ಯಾದಗಿರಿ ಜಿಲ್ಲೆಯ ಸುರಪುರ, ಗಾಂಧಿ ವೃತ್ತದ ಹತ್ತಿರ, ಸಂಜೆ ಹೊತ್ತು. ಮಧ್ಯದಲ್ಲಿ ಒಂದು ಸಾರಿಗೆ ಬಸ್ಸು ನಿಂತಿದೆ. ಅದರ ಸುತ್ತ ಬೈಕು, ಆಟೊ, ಟಂಟಂ. ಬಲಗಡೆ ಬಾಳೆಹಣ್ಣು ಮತ್ತು ತರಕಾರಿಯ ತಳ್ಳುಗಾಡಿಗಳು. ಚೀಲ ಹಿಡಿದ ಹೆಣ್ಣುಮಕ್ಕಳು, ಶಾಲೆ ಬಿಟ್ಟು ಬರ್ತಿರೋ ಹುಡುಗರು. ಮೇಲೆ ರಸ್ತೆಗೆ ಅಡ್ಡವಾಗಿ ಕಟ್ಟಿದ ಒಂದು ಫ್ಲೆಕ್ಸು. ಹಿಂದೆ, ದೂರದಲ್ಲಿ, ಒಂದು ಅಂಗಡಿ ಮುಂದೆ ಹತ್ತಿಪ್ಪತ್ತು ಜನ ಗುಂಪಾಗಿ ನಿಂತಿದ್ದಾರೆ. ಎಡಗಡೆ ಮೂಲೆಯಲ್ಲಿ ಒಂದು ಕಂಬ, ಅದರಿಂದ ಒಂದು ತಂತಿ ಆಳೆತ್ತರಕ್ಕೆ ಜೋತು ಬಿದ್ದಿದೆ. ಕೆಳಗೆ ಬರೆದಿರೋದು ಎರಡೇ ಪದ: 'ಇದ ನೋಡು.'

ಈಗ ಯೋಚನೆ ಮಾಡಿ. ಕಳಿಸಿದವರು ತೋರಿಸ್ತಿರೋದು ಯಾವುದನ್ನ? ಬಸ್ಸು ಸಿಕ್ಕಿಹಾಕಿಕೊಂಡಿರೋದನ್ನಾ? ಫ್ಲೆಕ್ಸಿನ ಮೇಲಿರೋ ಮುಖವನ್ನಾ? ಹಿಂದಿನ ಗುಂಪನ್ನಾ? ತಂತಿಯನ್ನಾ? ನಮ್ಮ ಮಾತಿನಲ್ಲಿ 'ನೋಡು' ಅನ್ನೋ ಪದ ಹತ್ತು ಕೆಲಸ ಮಾಡುತ್ತೆ. ಖುಷಿಯಾದ್ರೂ 'ನೋಡು', ಸಿಟ್ಟು ಬಂದ್ರೂ 'ನೋಡು', ಎಚ್ಚರಿಕೆ ಕೊಡೋಕೂ 'ನೋಡು'. ಎದುರಿಗೆ ನಿಂತು ಹೇಳಿದ್ರೆ ದನಿಯಲ್ಲಿ ಅರ್ಥ ಸಿಗುತ್ತೆ, ಬೆರಳು ಎತ್ತಿ ತೋರಿಸಿದ ಕಡೆ ಕಣ್ಣು ಹೋಗುತ್ತೆ. ಮೆಸೇಜಿನಲ್ಲಿ ದನಿಯೂ ಇಲ್ಲ, ಬೆರಳೂ ಇಲ್ಲ. ಮಾಡೆಲ್‌ಗೆ ಸಿಕ್ಕಿರೋದು ಇಡೀ ರಸ್ತೆ.

ಇಂಥ ಕಡೆ ಮೂರು ಥರದ ಕೆಟ್ಟ ಉತ್ತರಗಳು ಬರ್ತವೆ.

ಮೊದಲನೆಯದು ಪಟ್ಟಿ. ಬಸ್ಸು ಇದೆ, ಆಟೊ ಇದೆ, ಬೈಕುಗಳಿವೆ, ಬಾಳೆಹಣ್ಣು ಇದೆ, ಜನ ನಡೀತಿದ್ದಾರೆ, ಆಕಾಶ ತಿಳಿಯಾಗಿದೆ ಅಂತ ಇಪ್ಪತ್ತು ಸಾಲು. ಒಂದೊಂದೂ ನಿಜ. ಆದ್ರೆ ಗಾಂಧಿ ವೃತ್ತದಲ್ಲಿ ನಿಂತು ಫೋಟೊ ತೆಗೆದವರಿಗೆ ಅಲ್ಲಿ ಆಟೊ ಇದೆ ಅಂತ ಯಾರೂ ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ತಂತಿ ಹದಿನೈದನೇ ಸಾಲಿನಲ್ಲಿ ಬಂದ್ರೆ ಅದು ಬಂದೂ ಬರದ ಹಾಗೆ. ಎರಡನೆಯದು ಪ್ರಶ್ನೆಯನ್ನ ವಾಪಸ್ ಎಸೆಯೋದು: ಈ ಫೋಟೊ ಬಗ್ಗೆ ನಿಮಗೆ ಏನು ತಿಳೀಬೇಕು ಅಂತ ಕೇಳಿ ಸುಮ್ಮನಾಗೋದು. ಇದು ಸಭ್ಯವಾಗಿ ಕಾಣುತ್ತೆ, ಆದ್ರೆ ಫೋಟೊ ನೋಡದೇನೇ ಈ ಮಾತು ಹೇಳಬಹುದು. 'ಇದ ನೋಡು' ಅಂದಿದ್ದಕ್ಕೆ ನೋಡಿದ ಗುರುತೇ ಉತ್ತರದಲ್ಲಿ ಇಲ್ಲ. ಮೂರನೆಯದು ಕಥೆ ಕಟ್ಟೋದು. ಹಿಂದಿನ ಗುಂಪು ಕಂಡ ತಕ್ಷಣ ಅಲ್ಲಿ ಜಗಳ ನಡೀತಿದೆ, ಪ್ರತಿಭಟನೆ ನಡೀತಿದೆ ಅಂತ ಖಡಾಖಂಡಿತವಾಗಿ ಹೇಳಿಬಿಡೋದು. ಮೂರರಲ್ಲಿ ಇದೇ ಅಪಾಯದ್ದು. ಯಾಕೆ ಅಂತ ಹೇಳೋಕೆ ಮೊದಲು ಈ ಮಾಡೆಲ್ ಚಿತ್ರವನ್ನ ಹೇಗೆ 'ನೋಡುತ್ತೆ' ಅನ್ನೋದು ಗೊತ್ತಿರಬೇಕು.

ನಿಮ್ಮ ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್ ಅಂದುಕೊಳ್ಳಿ. ಫೋಟೊ ಅಗಲ 4000 ಪಿಕ್ಸೆಲ್, ಎತ್ತರ 3000. ಮೆಸೇಜಿಂಗ್ ಆ್ಯಪಿನಲ್ಲಿ ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದಾಗ ಅದು ಕುಗ್ಗುತ್ತೆ. ಕುಗ್ಗಿ 1600ಕ್ಕೆ 1200 ಆಯ್ತು ಅಂತಿಟ್ಟುಕೊಳ್ಳೋಣ. ಅಂದ್ರೆ ಎಲ್ಲವೂ ಎರಡೂವರೆ ಪಟ್ಟು ಚಿಕ್ಕದು. ಮೂಲದಲ್ಲಿ 80 ಪಿಕ್ಸೆಲ್ ಅಗಲ ಇದ್ದ ಒಂದು ಮುಖ ಈಗ 32 ಪಿಕ್ಸೆಲ್. ಅಲ್ಲಿಂದ ಮುಂದೆ ಮಾಡೆಲ್ ಚಿತ್ರವನ್ನ ಚೌಕ ಚೌಕ ತುಂಡು ಮಾಡುತ್ತೆ. ಈ ತುಂಡಿಗೆ ಪ್ಯಾಚ್ ಅಂತಾರೆ. ಅನೇಕ ಮಾಡೆಲ್‌ಗಳಲ್ಲಿ ಒಂದು ಪ್ಯಾಚಿನ ಬದಿ 14 ಅಥವಾ 16 ಪಿಕ್ಸೆಲ್. 16ರ ಲೆಕ್ಕದಲ್ಲಿ ನೋಡಿದ್ರೆ ಆ ಮುಖಕ್ಕೆ ಸಿಕ್ಕಿದ್ದು ಬರೀ ನಾಲ್ಕು ತುಂಡು. ದೂರದ ಬೈಕಿನ ನಂಬರ್ ಪ್ಲೇಟಿಗೆ ಎರಡೋ ಮೂರೋ ತುಂಡು. ಎಷ್ಟೋ ಸಲ ಮಾಡೆಲ್ ಒಳಗೆ ಹೋಗೋ ಮುಂಚೆ ಚಿತ್ರ ಇನ್ನೊಂದು ಸುತ್ತು ಕುಗ್ಗುತ್ತೆ, ಆಗ ಇದೂ ಇಲ್ಲ.

ಇಷ್ಟು ಮಸುಕಾದ ಜಾಗವನ್ನ ಮಾಡೆಲ್ ಖಾಲಿ ಬಿಡಲ್ಲ, ಊಹೆಯಿಂದ ತುಂಬುತ್ತೆ. ಅದು ಲಕ್ಷಾಂತರ ಚಿತ್ರ ಮತ್ತು ಬರಹ ಓದಿ ಕಲಿತಿರೋದ್ರಿಂದ, ಯಾವುದರ ಪಕ್ಕ ಯಾವುದು ಇರುತ್ತೆ ಅನ್ನೋ ರೂಢಿ ಅದಕ್ಕೆ ಗೊತ್ತು. ರಸ್ತೆ ಇದ್ರೆ ಸಿಗ್ನಲ್ ದೀಪ ಇರಬೇಕು, ಬಸ್ಸು ಇದ್ರೆ ಬಸ್ ಸ್ಟಾಪ್ ಇರಬೇಕು. ಹೀಗೆ ಇಲ್ಲದ ವಸ್ತುವನ್ನ ಇದೆ ಅನ್ನೋದಕ್ಕೆ ಈ ಕ್ಷೇತ್ರದಲ್ಲಿ ಆಬ್ಜೆಕ್ಟ್ ಹ್ಯಾಲುಸಿನೇಶನ್ ಅಂತ ಹೆಸರು. ಚಿತ್ರಕ್ಕೆ ವಿವರಣೆ ಬರೆಯೋ ಮಾಡೆಲ್‌ಗಳಲ್ಲಿ ಈ ತಪ್ಪನ್ನ ಅಳೆಯೋ ಒಂದು ವಿಧಾನ 2018ರಲ್ಲೇ ಪ್ರಕಟವಾಯ್ತು. 2023ರಲ್ಲಿ ಬಂದ ಪೋಪ್ ಅನ್ನೋ ಇನ್ನೊಂದು ಪರೀಕ್ಷೆ ಇನ್ನೂ ಸರಳ: ಈ ಚಿತ್ರದಲ್ಲಿ ಇಂಥ ವಸ್ತು ಇದೆಯಾ, ಇಲ್ವಾ ಅಂತ ಕೇಳೋದು. ಚಿತ್ರದಲ್ಲಿರೋ ವಸ್ತುಗಳ ಜೊತೆ ಸಾಮಾನ್ಯವಾಗಿ ಕಾಣಿಸಿಕೊಳ್ಳೋ, ಆದ್ರೆ ಈ ಚಿತ್ರದಲ್ಲಿ ಇಲ್ಲದ ವಸ್ತುವಿನ ಬಗ್ಗೆ ಕೇಳಿದಾಗಲೇ ಮಾಡೆಲ್‌ಗಳು ಹೆಚ್ಚು ಎಡವಿದವು.

ನಮ್ಮ ಫೋಟೊಗೆ ಇದನ್ನ ಅನ್ವಯಿಸಿ ನೋಡಿ. ಫ್ಲೆಕ್ಸು, ನಿಂತ ಬಸ್ಸು, ಜನರ ಗುಂಪು, ಈ ಮೂರೂ ಒಟ್ಟಿಗೆ ಇರೋ ಚಿತ್ರಗಳು ಸುದ್ದಿ ಪುಟಗಳಲ್ಲಿ ಯಾವ ಶೀರ್ಷಿಕೆಯ ಕೆಳಗೆ ಬರ್ತವೆ? ರಸ್ತೆ ತಡೆ, ಪ್ರತಿಭಟನೆ. ಹಾಗಾಗಿ ಆ ಪದ ಮಾಡೆಲ್‌ನ 'ಬಾಯಿಗೆ' ಸುಲಭವಾಗಿ ಬರುತ್ತೆ. ಚಿತ್ರದಲ್ಲಿ ಘೋಷಣೆ ಕೂಗೋ ಒಬ್ಬನೂ ಇಲ್ಲದಿದ್ರೂ ಬರುತ್ತೆ. ಆ ಹತ್ತಿಪ್ಪತ್ತು ಜನ ಬಜ್ಜಿ ತಿನ್ನೋಕೆ ನಿಂತಿರಬಹುದು, ಔಷಧಿ ಅಂಗಡಿ ಮುಂದೆ ಕಾಯ್ತಿರಬಹುದು, ಟಿವಿಯಲ್ಲಿ ಕ್ರಿಕೆಟ್ ನೋಡ್ತಿರಬಹುದು. ಬೆನ್ನು ಮಾತ್ರ ಕಾಣೋ ಫೋಟೊದಲ್ಲಿ ಇದು ತೀರ್ಮಾನ ಆಗಲ್ಲ.

ಹಾಗಾದ್ರೆ ಒಳ್ಳೆ ಉತ್ತರ ಹೇಗಿರಬೇಕು? ನನ್ನ ಪ್ರಕಾರ ಅದಕ್ಕೆ ಒಂದು ಕ್ರಮ ಇದೆ.

ಮೊದಲ ಹೆಜ್ಜೆ: ಹಿಂದಿನ ಮಾತು ನೋಡಬೇಕು. ಅದೇ ಚಾಟಿನಲ್ಲಿ ಎರಡು ನಿಮಿಷದ ಹಿಂದೆ ಆ ವ್ಯಕ್ತಿ ಹುಣಸಗಿ ಬಸ್ಸಿನ ಬಗ್ಗೆ ಕೇಳಿದ್ರೆ, 'ಇದ ನೋಡು' ಅಂದ್ರೆ ಬಸ್ಸಿನ ಬೋರ್ಡು ನೋಡು ಅಂತ. ತಮಗೆ ಕಣ್ಣು ಕಾಣಲ್ಲ ಅಂತ ಮೊದಲೇ ಹೇಳಿದ್ರೆ ಲೆಕ್ಕ ಬೇರೆ. ಆಗ ಎಡದಿಂದ ಬಲಕ್ಕೆ, ಹತ್ತಿರದಿಂದ ದೂರಕ್ಕೆ, ಪೂರ್ತಿ ವಿವರಣೆಯೇ ಬೇಕು. ಹಿಂದೆ ಏನೂ ಮಾತಿಲ್ಲ ಅಂದಾಗ ಮಾತ್ರ ಮುಂದಿನ ಹೆಜ್ಜೆಗಳು.

ಎರಡನೇ ಹೆಜ್ಜೆ: ಅಪಾಯ ಇದ್ರೆ ಅದೇ ಮೊದಲು. ಮೂಲೆಯಲ್ಲಿ ಜೋತುಬಿದ್ದ ತಂತಿ ಕಳಿಸಿದವರ ಕಣ್ಣಿಗೆ ಬಿದ್ದಿರಬಹುದು, ಬೀಳದೇ ಇರಬಹುದು. ಬಿದ್ದಿದ್ರೆ ಅದನ್ನೇ ತೋರಿಸ್ತಿದ್ದಾರೆ. ಬೀಳದಿದ್ರೆ ಅವರಿಗೆ ಹೇಳಲೇಬೇಕು. ಎರಡೂ ಸಂದರ್ಭದಲ್ಲಿ ಅದನ್ನ ಮೊದಲು ಹೇಳಿದ್ರೆ ನಷ್ಟ ಇಲ್ಲ. ಆದ್ರೆ ಅದು ಕರೆಂಟಿನ ತಂತಿನೋ ಟಿವಿ ಕೇಬಲ್ಲೋ ಫೋಟೊದಲ್ಲಿ ಗೊತ್ತಾಗಲ್ಲ. ಗೊತ್ತಾಗಲ್ಲ ಅನ್ನೋದನ್ನೂ ಹೇಳಬೇಕು.

ಮೂರನೇ ಹೆಜ್ಜೆ: ಕಳಿಸಿದವರ ಊರಿನ ಕಣ್ಣಿನಿಂದ ನೋಡಬೇಕು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಒಂದು ಚಿತ್ರದಲ್ಲಿ ಯಾವುದು 'ವಿಶೇಷ' ಅನ್ನೋದು ನೋಡುವವರ ರೂಢಿಯ ಮೇಲೆ ನಿಂತಿದೆ. ದೂರದ ಯಾವುದೋ ದೇಶದ ರಸ್ತೆಗಳ ಚಿತ್ರವನ್ನೇ ಹೆಚ್ಚು ನೋಡಿ ಕಲಿತ ಮಾಡೆಲ್‌ಗೆ, ರಸ್ತೆ ನಡುವೆ ಮಲಗಿರೋ ದನ ಅಥವಾ ಕಿಕ್ಕಿರಿದ ಟಂಟಂ ದೊಡ್ಡ ಸಂಗತಿ. ಸುರಪುರದವರಿಗೆ ಅದು ಸಂಗತಿಯೇ ಅಲ್ಲ. ಅದನ್ನ ತೋರಿಸೋಕೆ ಅವರು ಫೋನ್ ಎತ್ತಲ್ಲ. ಇನ್ನೊಂದು ಉದಾಹರಣೆ ಹೇಳ್ತೀನಿ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಎತ್ತರದ ಕಂಬ ಹತ್ತೋ ಆಚರಣೆ ಇದೆ. ಆ ದಿನದ ಫೋಟೊದಲ್ಲಿ ಜನಸಾಗರ ಇರುತ್ತೆ, ಕಂಬದ ಮೇಲೆ ಜನ ಇರ್ತಾರೆ. ಊರು ಗೊತ್ತಿಲ್ಲದ ಕಣ್ಣಿಗೆ ಅದು ಗಲಾಟೆ, ಊರವರಿಗೆ ಅದು ಹಬ್ಬ. ಹಾಗಾಗಿ ಮಾಡೆಲ್ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಜಾಗದಲ್ಲಿ ದಿನಾ ಓಡಾಡೋರಿಗೆ ಈ ಚಿತ್ರದಲ್ಲಿ ಇವತ್ತು ಹೊಸದಾಗಿ ಕಾಣೋದು ಯಾವುದು? ನಮ್ಮ ಫೋಟೊದಲ್ಲಿ ತಳ್ಳುಗಾಡಿ ಅಲ್ಲ, ಆಟೊ ಅಲ್ಲ. ತಂತಿ, ಅಲ್ಲಾಡದೆ ನಿಂತ ಬಸ್ಸು, ಇಲ್ಲವೇ ಫ್ಲೆಕ್ಸು.

ಫೋಟೊ ತೆಗೆದ ರೀತಿಯೂ ಸುಳಿವು ಕೊಡುತ್ತೆ. ನಟ್ಟನಡುವೆ ಏನಿದೆ, ಫೋಕಸ್ ಎಲ್ಲಿದೆ, ಯಾವುದು ಅಂಚಿನಲ್ಲಿ ಅರ್ಧ ಕತ್ತರಿಸಿದೆ. ಬಸ್ಸು ನಡುವೆ ಇದ್ದು ಸ್ಪಷ್ಟವಾಗಿದ್ರೆ ತೋರಿಸ್ತಿರೋದು ಬಸ್ಸನ್ನ ಅನ್ನೋ ಊಹೆಗೆ ಬಲ ಬರುತ್ತೆ. ಫ್ಲೆಕ್ಸಿನ ಅರ್ಧ ಫೋಟೊದಿಂದ ಹೊರಗಿದ್ರೆ ಅದನ್ನ ತೋರಿಸೋ ಉದ್ದೇಶ ಇರಲಿಕ್ಕಿಲ್ಲ.

ನಾಲ್ಕನೇ ಹೆಜ್ಜೆ: ಕೊನೆಗೆ ಒಂದೇ ಒಂದು ಪ್ರಶ್ನೆ. ಏನು ಬೇಕು ಅನ್ನೋ ಬರಿಗೈ ಪ್ರಶ್ನೆ ಅಲ್ಲ. ಇದಾ, ಅದಾ ಅಂತ ಬೆರಳಿಟ್ಟು ಕೇಳೋ ಪ್ರಶ್ನೆ. ಆಗ ಆ ಕಡೆಯವರು ಒಂದೇ ಪದದಲ್ಲಿ ಉತ್ತರ ಕೊಡಬಹುದು.

ಇಷ್ಟನ್ನೂ ಸೇರಿಸಿ ನಮ್ಮ ಫೋಟೊಗೆ ಒಂದು ಉತ್ತರವನ್ನ ನಾನೇ ಬರೆದಿದ್ದೀನಿ. ಮಾಡೆಲ್‌ನಿಂದ ಇಂಥದ್ದು ಬಂದ್ರೆ ನಾನು ಒಪ್ಪುತ್ತೀನಿ:

'ಎಡಗಡೆ ಕಂಬದಿಂದ ಒಂದು ತಂತಿ ಜನರ ತಲೆಯ ಮಟ್ಟಕ್ಕೆ ಜೋತು ಬಿದ್ದ ಹಾಗಿದೆ. ಕರೆಂಟಿನದೋ ಕೇಬಲ್ಲೋ ಫೋಟೊದಲ್ಲಿ ತಿಳಿಯಲ್ಲ, ಹತ್ತಿರ ಹೋಗಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಬಹುದು. ಉಳಿದಂತೆ ಇದು ಸಂಜೆಯ ಪೇಟೆ ರಸ್ತೆ. ನಡುವೆ ಒಂದು ಬಸ್ಸು ವಾಹನಗಳ ಮಧ್ಯೆ ಸಿಕ್ಕಿಕೊಂಡಂತಿದೆ. ಹಿಂದೆ ಅಂಗಡಿ ಮುಂದೆ ಕೆಲವರು ಗುಂಪಾಗಿ ನಿಂತಿದ್ದಾರೆ, ಯಾಕೆ ಅಂತ ಕಾಣಲ್ಲ. ನೀವು ತೋರಿಸಿದ್ದು ತಂತಿಯನ್ನಾ, ಬಸ್ಸನ್ನಾ?'

ಏಳು ವಾಕ್ಯ. ಫೋನಿನ ಒಂದು ಪರದೆಯಲ್ಲಿ ಹಿಡಿಯುತ್ತೆ. ಇದರಲ್ಲಿ ಏನಿದೆ ಅಂತ ನೋಡಿದಷ್ಟೇ, ಏನಿಲ್ಲ ಅನ್ನೋದನ್ನೂ ಗಮನಿಸಿ.

ಊರಿನ ಹೆಸರಿಲ್ಲ. ನಾನು ಸುರಪುರ ಅಂತ ನಿಮಗೆ ಹೇಳಿದೆ, ಆದ್ರೆ ಫೋಟೊ ಹೇಳಿಲ್ಲ. ಫೋನಿನ ಕ್ಯಾಮೆರಾ ಫೋಟೊ ಜೊತೆ ಜಾಗದ ಮಾಹಿತಿ ಸೇರಿಸಬಹುದು, ಆದ್ರೆ ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದಾಗ ಅದು ಕಳಚಿಹೋಗುತ್ತೆ. ಅಂಗಡಿ ಬೋರ್ಡಿನ ಕೆಳಗೆ 'ಸುರಪುರ' ಅಂತ ಸ್ಪಷ್ಟವಾಗಿ ಓದೋಕೆ ಬಂದ್ರೆ, ಬೋರ್ಡಿನ ಪ್ರಕಾರ ಸುರಪುರ ಅನ್ನಬಹುದು. ಬೈಕಿನ ಪ್ಲೇಟಿನಲ್ಲಿ KA 33 ಕಂಡ್ರೆ ಅದು ಯಾದಗಿರಿಯಲ್ಲಿ ನೋಂದಣಿಯಾದ ಗಾಡಿ ಅಂತ ಮಾತ್ರ ಅರ್ಥ. ಗಾಡಿ ಎಲ್ಲಿಗೆ ಬೇಕಾದ್ರೂ ಹೋಗಿರಬಹುದು.

ಜನರ ಲೆಕ್ಕ ಇಲ್ಲ. ಒಬ್ಬರ ಹಿಂದೆ ಒಬ್ಬರು ಮರೆಯಾಗಿರೋ ಗುಂಪಿನಲ್ಲಿ ಮಾಡೆಲ್ 47 ಜನ ಅಂತ ಹೇಳಿದ್ರೆ ಆ 47 ಎಣಿಸಿ ಬಂದಿದ್ದಲ್ಲ. 'ಕೆಲವರು', 'ಹತ್ತಾರು ಜನ' ಅನ್ನೋದೇ ಪ್ರಾಮಾಣಿಕ ಮಾತು.

ಯಾರ ಹೆಸರೂ ಇಲ್ಲ, ಯಾರ ಜಾತಿ ಧರ್ಮವೂ ಇಲ್ಲ. ರಸ್ತೆಯಲ್ಲಿ ಹೋಗ್ತಿರೋ ಆ ಹೆಣ್ಣುಮಗಳು ಯಾರು, ಆ ಹುಡುಗ ಯಾರ ಮಗ ಅನ್ನೋದನ್ನ ಮುಖ ನೋಡಿ ಹೇಳೋ ಕೆಲಸಕ್ಕೆ ಮಾಡೆಲ್ ಇಳಿಯಬಾರದು. ಅವರು ಫೋಟೊಗೆ ನಿಂತವರಲ್ಲ, ತಮ್ಮ ಪಾಡಿಗೆ ಹೋಗ್ತಿದ್ದವರು. ಟೋಪಿ, ಗಡ್ಡ, ಕುಂಕುಮ, ಬುರ್ಖಾ ನೋಡಿ ಆ ಗುಂಪು ಇಂಥವರದು ಅಂತ ಹೆಸರಿಡೋದೂ ಹಾಗೇ. ಯಾರೂ ಕೇಳದ ಮಾತು ಅದು, ಸಾಬೀತು ಮಾಡೋಕೆ ಆಗದ ಮಾತು ಕೂಡ. ಫ್ಲೆಕ್ಸಿನ ಮೇಲೆ ಮುಖದ ಕೆಳಗೆ ಹೆಸರು ಅಚ್ಚಾಗಿದ್ರೆ ಆ ಹೆಸರನ್ನ ಓದಿ ಹೇಳಬಹುದು, ಯಾಕಂದ್ರೆ ಅದು ಓದಿದ್ದು, ಊಹಿಸಿದ್ದಲ್ಲ.

ಇಷ್ಟೊಂದು ಬಿಗಿ ಯಾಕೆ, ಒಂದು ಫೋಟೊ ತಾನೇ ಅಂತ ಕೇಳಬಹುದು. ನಮ್ಮದೇ ಭಾಗದಲ್ಲಿ ಆಗಿದ್ದನ್ನ ನೆನಪಿಸಿಕೊಳ್ಳಿ. 2018ರ ಜುಲೈ ತಿಂಗಳು, ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಕೆಲವರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರನ್ನ ಮಕ್ಕಳ ಕಳ್ಳರು ಅಂತ ಅನುಮಾನಿಸಿದ ಸುದ್ದಿ ವಾಟ್ಸಾಪ್ ಗುಂಪುಗಳಲ್ಲಿ ಅವರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತು. ಅಲ್ಲಿ ಜನ ಸೇರಿದ್ರು, ಹೊಡೆದ್ರು. ಒಬ್ಬ ಯುವಕ ಸತ್ತ, ಜೊತೆಗಿದ್ದವರು ಗಾಯಗೊಂಡರು. ಆಗ ಯಾವ ಎಐ ಕೂಡ ಅಲ್ಲಿರಲಿಲ್ಲ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡೋ ಮಿತಿ ತರೋದಾಗಿ ಹೇಳಿತು.

ಈ ಘಟನೆಯಲ್ಲಿ ಕಣ್ಣಿಗೆ ಕಂಡಿದ್ದು ಚಾಕೊಲೇಟ್ ಕೊಡೋ ಅಪರಿಚಿತರು. ಅದರ ಮೇಲೆ ಅಂಟಿಸಿದ ಪದ 'ಕಳ್ಳರು'. ಕೊಂದಿದ್ದು ಆ ಪದವನ್ನ ನಂಬಿದ ಗುಂಪು. ಈಗ ನಮ್ಮ ಫೋಟೊಗೆ ಬನ್ನಿ. ಕಂಡಿದ್ದು ಅಂಗಡಿ ಮುಂದೆ ನಿಂತ ಬೆನ್ನುಗಳು. ಮಾಡೆಲ್ ಅದರ ಮೇಲೆ 'ಗಲಾಟೆ' ಅನ್ನೋ ಪದ ಅಂಟಿಸಿದ್ರೆ, ಆ ಉತ್ತರದ ಸ್ಕ್ರೀನ್‌ಶಾಟ್ ಐದು ಗುಂಪಿಗೆ ಹೋಗೋಕೆ ಎಷ್ಟು ಹೊತ್ತು? ಮನುಷ್ಯ ಹೇಳಿದ್ರೆ 'ಯಾರು ಹೇಳಿದ್ದು?' ಅಂತಾದ್ರೂ ಕೇಳ್ತಾರೆ. ಎಐ ಹೇಳಿದೆ ಅಂದ್ರೆ ಅದೇ ಸಾಕ್ಷಿ ಅನ್ನೋರು ಇದ್ದಾರೆ. ಅದಕ್ಕೇ 'ಯಾಕೆ ಅಂತ ಕಾಣಲ್ಲ' ಅನ್ನೋ ಮೂರು ಪದ ಆ ಉತ್ತರದಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿಯೋದು.

ಹಾಗಂತ ವಿಪರೀತ ಹಿಂಜರಿಕೆಯೂ ಬೇಡ. ಪ್ರತಿ ವಾಕ್ಯಕ್ಕೂ 'ಇರಬಹುದೇನೋ' ಸೇರಿಸಿದ್ರೆ ಬಸ್ಸು ಇರೋದೂ ಅನುಮಾನ, ತಂತಿ ಇರೋದೂ ಅನುಮಾನ ಆಗುತ್ತೆ. ಆಗ ನಿಜವಾದ ಅನುಮಾನ ಯಾವುದು ಅಂತ ಓದೋರಿಗೆ ಗೊತ್ತಾಗಲ್ಲ. ಬಸ್ಸು ದೊಡ್ಡದಾಗಿ ಕಾಣ್ತಿದೆ, ನೇರವಾಗಿ ಬಸ್ಸು ಅನ್ನಿ. ಗುಂಪಿನ ಕಾರಣ ಕಾಣಲ್ಲ, ಕಾಣಲ್ಲ ಅನ್ನಿ.

ಇಂಥ ಉತ್ತರ ನಿಮ್ಮ ಕೈಗೆ ಬಂದಾಗ ಅದನ್ನ ತೂಗಿ ನೋಡೋಕೆ ಒಂದು ಸರಳ ದಾರಿ ಇದೆ. ಉತ್ತರದಲ್ಲಿ ಬಂದ ಒಂದೊಂದು ವಸ್ತುವಿನ ಹೆಸರನ್ನೂ ತಗೊಂಡು, ಫೋಟೊವನ್ನ ಜೂಮ್ ಮಾಡಿ, ಅದರ ಮೇಲೆ ಬೆರಳು ಇಡಿ. ಬಸ್ಸು, ಇಟ್ಟೆ. ತಂತಿ, ಇಟ್ಟೆ. 'ಪ್ರತಿಭಟನೆ' ಅಂತ ಇದ್ರೆ ಬೆರಳು ಎಲ್ಲಿ ಇಡ್ತೀರಿ? ಇಡೋಕೆ ಜಾಗ ಸಿಗದ ಪದ ಚಿತ್ರದಿಂದ ಬಂದಿದ್ದಲ್ಲ, ರೂಢಿಯಿಂದ ಬಂದಿದ್ದು. ಎರಡನೇ ಪರೀಕ್ಷೆ: ಅನುಮಾನ ಇರೋ ಭಾಗವನ್ನಷ್ಟೇ, ಮೂಲ ಫೋಟೊದಿಂದಲೇ, ಕ್ರಾಪ್ ಮಾಡಿ ಬೇರೆಯಾಗಿ ಕೊಡಿ. ಆಗ ಆ ಭಾಗಕ್ಕೆ ಹೆಚ್ಚು ತುಂಡು ಸಿಗುತ್ತೆ. ಮೊದಲು ಹೇಳಿದ ಬೋರ್ಡಿನ ಅಕ್ಷರ ಈಗ ಬದಲಾದ್ರೆ ಮೊದಲನೆಯದು ಊಹೆ ಅಂತ ತಿಳೀರಿ. ಫಾರ್ವರ್ಡ್ ಆಗಿ ಬಂದ ಫೋಟೊದಲ್ಲಿ ಈ ಪರೀಕ್ಷೆ ಹೆಚ್ಚು ನಡೆಯಲ್ಲ. ಕುಗ್ಗಿಹೋದ ವಿವರವನ್ನ ಕ್ರಾಪ್ ವಾಪಸ್ ತರಲ್ಲ.

ಬರೀ ಎರಡು ಪದ ಬಂದಾಗ ಮಾಡೆಲ್ ಮಾಡಬೇಕಾದ್ದು ಇಷ್ಟೇ: ಅಪಾಯ ಇದ್ರೆ ಮೊದಲು ಹೇಳು, ಊರವರಿಗೆ ಹೊಸದಾಗಿ ಕಾಣೋದನ್ನ ಎತ್ತಿಕೋ, ಕಾಣದ್ದನ್ನ ಕಾಣಲ್ಲ ಅನ್ನು, ಬೆರಳಿಟ್ಟು ಒಂದು ಪ್ರಶ್ನೆ ಕೇಳು.